ಗರ್ಭದ ಕೊನೆಯ ತಿಂಗಳುಗಳಲ್ಲಿ ಕಾಲುಬಾವು, ಉಬ್ಬಿದ ರಕ್ತನಾಳ, ಮೂಲವ್ಯಾಧಿ, ತೊಡೆಸಂದಿನ ಸೆಳೆತ: ಬೆಳಗಿನಿಂದ ರಾತ್ರಿಯವರೆಗಿನ ಕ್ರಮ

ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಕಚೇರಿಯಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳೊಬ್ಬಳು 31ನೇ ವಾರದಲ್ಲಿ ತಪಾಸಣೆಗೆ ಬಂದಿದ್ದಳು. ಅದು ಅವಳ ಎರಡನೆಯ ಬಸಿರು. ಸಂಜೆಯಾದರೆ ಎರಡೂ ಪಾದಗಳು ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತುತ್ತಿತ್ತು, ಎಡ ಮೀನಖಂಡದ ಹಿಂದೆ ಹಸಿರು ನೀಲಿ ಬಣ್ಣದ ಗಂಟುಗಂಟಾದ ನಾಳಗಳು ಎದ್ದಿದ್ದವು, ಮಲವಿಸರ್ಜನೆಯ ಕೊನೆಯಲ್ಲಿ ಒಂದೆರಡು ತೊಟ್ಟು ಕೆಂಪು ರಕ್ತ ಬೀಳುತ್ತಿತ್ತು ಮತ್ತು ಕುರ್ಚಿಯಿಂದ ಏಳುವಾಗ ಬಲ ತೊಡೆಸಂದಿನಲ್ಲಿ ಚಾಕು ಹಾಕಿದಂತೆ ಸೆಳೆತ ಬರುತ್ತಿತ್ತು. ಮನೆಯವರು ಬಾವಿಗೆಂದು ನೀರು ಕಡಿಮೆ ಮಾಡಿಸಿದ್ದರು, ಮೂಲವ್ಯಾಧಿಗೆಂದು ಐರನ್ ಮಾತ್ರೆ ನಿಲ್ಲಿಸಿದ್ದರು, ಉಬ್ಬಿದ ನಾಳಕ್ಕೆಂದು ಪ್ರತಿ ರಾತ್ರಿ ಎಣ್ಣೆ ಹಚ್ಚಿ ಬಲವಾಗಿ ನೀವುತ್ತಿದ್ದರು. ನಾಲ್ಕು ತೊಂದರೆಗಳಿಗೆ ಬೇರೆ ಬೇರೆ ಉಪಾಯಗಳು ನಡೆಯುತ್ತಿದ್ದವು, ಒಂದು ಇನ್ನೊಂದನ್ನು ಕೆಡಿಸುತ್ತಿತ್ತು. ಅವಳಿಗೆ ಹೇಳಿಕೊಟ್ಟ ದಿನಚರಿಯನ್ನೇ ಇಲ್ಲಿ ವಿವರಿಸುತ್ತೇನೆ.

ಈ ನಾಲ್ಕರಲ್ಲಿ ಮೂರಕ್ಕೆ ಬೇರು ಒಂದೇ. ಬಸಿರಿನಲ್ಲಿ ದೇಹದ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ ಮತ್ತು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ರಕ್ತನಾಳಗಳ ಗೋಡೆಯನ್ನು ಸಡಿಲಗೊಳಿಸುತ್ತದೆ. ಇದರ ಮೇಲೆ, ಬೆಳೆದ ಗರ್ಭಕೋಶವು ಬೆನ್ನುಮೂಳೆಯ ಬಲಕ್ಕೆ ಸಾಗುವ ಮಹಾಸಿರೆಯನ್ನು, ಅಂದರೆ ಕಾಲು ಮತ್ತು ಕಿಬ್ಬೊಟ್ಟೆಯ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ನಾಳವನ್ನು, ಒತ್ತುತ್ತದೆ. ಮೇಲಕ್ಕೆ ಹತ್ತಲಾರದ ರಕ್ತ ಕೆಳಗೆ ತಂಗುತ್ತದೆ. ಅದರ ನೀರಿನಂಶ ಪಾದದ ಚರ್ಮದಡಿಗೆ ಸೋರಿದರೆ ಬಾವು. ಕಾಲಿನ ಸಿರೆ ಹಿಗ್ಗಿದರೆ ವೆರಿಕೋಸ್ ವೇನ್ಸ್. ಗುದದ್ವಾರದ ಸಿರೆ ಹಿಗ್ಗಿದರೆ ಮೂಲವ್ಯಾಧಿ. ನಮ್ಮಲ್ಲಿ ಇದನ್ನು ‘ನರ ಉಬ್ಬಿದೆ’ ಎನ್ನುವುದು ರೂಢಿ, ಆದರೆ ಉಬ್ಬಿರುವುದು ನರವಲ್ಲ, ರಕ್ತನಾಳ. ಆದ್ದರಿಂದ ನೀವುವುದಕ್ಕಿಂತ ರಕ್ತ ಮೇಲೇರಲು ದಾರಿ ಮಾಡಿಕೊಡುವುದೇ ಅದಕ್ಕೆ ಉಪಾಯ. ತೊಡೆಸಂದಿನ ಸೆಳೆತದ ಕಥೆ ಬೇರೆ, ಅದು ಮುಂದೆ ಬರುತ್ತದೆ.

ಮೊದಲು ಮಾಡಬೇಕಾದ ಪರೀಕ್ಷೆ

ಯಾವ ಮನೆಯ ಉಪಾಯಕ್ಕೂ ಮೊದಲು, ಇದು ಸಾಧಾರಣ ಬಾವೇ ಎಂಬುದನ್ನು ನೋಡಿಕೊಳ್ಳಬೇಕು. ಸಾಧಾರಣ ಬಾವು ಎರಡೂ ಕಾಲುಗಳಲ್ಲಿ ಹೆಚ್ಚುಕಡಿಮೆ ಸಮನಾಗಿರುತ್ತದೆ, ಸಂಜೆ ಏರುತ್ತದೆ, ರಾತ್ರಿ ಮಲಗಿ ಎದ್ದಾಗ ಬಹುಪಾಲು ಇಳಿದಿರುತ್ತದೆ. ಹೆಬ್ಬೆರಳಿನಿಂದ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಐದಾರು ಸೆಕೆಂಡು ಒತ್ತಿದರೆ ಕುಳಿ ಬೀಳಬಹುದು; ಕುಳಿ ಬಿದ್ದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ.

ಬೆಳಿಗ್ಗೆ ಎದ್ದಾಗಲೇ ಕಣ್ಣಿನ ರೆಪ್ಪೆ, ಮುಖ ಊದಿದ್ದರೆ ಅಥವಾ ಉಂಗುರ ಒಮ್ಮೆಲೇ ಬಿಗಿಯಾದರೆ ಅದು ಬೇರೆ ಮಾತು. ಅದಾಗಲಿ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಕಣ್ಣೆದುರು ಮಿಂಚು ಕಾಣುವುದು, ಬಲ ಪಕ್ಕೆಲುಬಿನ ಕೆಳಗೆ ಅಥವಾ ಎದೆಗುಂಡಿಯಲ್ಲಿ ನೋವು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೋಗಬೇಕು. ಇದು ಬಸಿರಿನ ರಕ್ತದೊತ್ತಡದ ಕಾಯಿಲೆಯಾದ ಪ್ರಿ-ಎಕ್ಲಾಂಪ್ಸಿಯಾ ಆಗಿರಬಹುದು. 20 ವಾರದ ನಂತರ ಬಿ.ಪಿ. 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದನ್ನು ಬಾವಿನ ಲೆಕ್ಕಕ್ಕೆ ಹಾಕಿ ಸುಮ್ಮನಿರುವಂತಿಲ್ಲ. ಬಾರ್ಲಿ ನೀರು ಕುಡಿದರೆ ಬಾವು ಇಳಿಯುತ್ತದೆಂದು ಅನೇಕ ಮನೆಗಳಲ್ಲಿ ಕೊಡುತ್ತಾರೆ. ಕುಡಿಯುವುದರಿಂದ ಹಾನಿಯಿಲ್ಲ, ಆದರೆ ಅದರಿಂದ ಬಿ.ಪಿ. ಇಳಿಯುವುದಿಲ್ಲ, ಮತ್ತು ಅದನ್ನು ನಂಬಿ ನಾಲ್ಕು ದಿನ ಕಾಯುವುದೇ ಹಾನಿ.

ಒಂದೇ ಕಾಲು ಊದುವುದು ಎರಡನೆಯ ಅಪಾಯ. ಕಾಲಿನ ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಬಸಿರಿನಲ್ಲಿ ಹೆಚ್ಚು, ಅದೂ ಬಹಳ ಸಲ ಎಡಗಾಲಿನಲ್ಲಿ. ಮನೆಯಲ್ಲಿ ಬಟ್ಟೆ ಹೊಲಿಯುವ ಟೇಪ್ ಇದ್ದರೆ ಸಾಕು. ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲಿಗೆ ಪೆನ್ನಿನಿಂದ ಗುರುತು ಮಾಡಿ, ಅದೇ ಗುರುತಿನಲ್ಲಿ ಸುತ್ತಳತೆ ನೋಡಬೇಕು. 2 ಸೆಂ.ಮೀ. ಅಥವಾ ಹೆಚ್ಚು ವ್ಯತ್ಯಾಸವಿದ್ದರೆ, ಅಥವಾ ಅಳತೆ ಸಮನಾಗಿದ್ದರೂ ಒಂದೇ ಮೀನಖಂಡ, ತೊಡೆ ಅಥವಾ ತೊಡೆಸಂದು ನೋಯುತ್ತ ಬಿಸಿಯಾಗಿದ್ದರೆ, ಆ ಕಾಲನ್ನು ನೀವದೆ ವೈದ್ಯರ ಬಳಿ ಹೋಗಬೇಕು. ಎದೆನೋವು ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟುವಿಕೆ ಸೇರಿಕೊಂಡರೆ 108ಕ್ಕೆ ಕರೆ ಮಾಡುವುದೇ ಸರಿ.

ಆ ದಿನ ನಮ್ಮ ಲೆಕ್ಕದ ಹೆಣ್ಣುಮಗಳ ಬಿ.ಪಿ. 116/74 ಇತ್ತು, ಮೂತ್ರದಲ್ಲಿ ಪ್ರೋಟೀನ್ ಇರಲಿಲ್ಲ, ಎರಡೂ ಕಾಲಿನ ಅಳತೆಯಲ್ಲಿ ಅರ್ಧ ಸೆಂ.ಮೀ. ವ್ಯತ್ಯಾಸವಷ್ಟೇ. ಹಾಗಾಗಿ ದಿನಚರಿಯ ಮಾತಿಗೆ ಇಳಿಯಬಹುದಾಗಿತ್ತು.

ಹಾಸಿಗೆಯಿಂದ ಇಳಿಯುವ ಮೊದಲು: ಸ್ಟಾಕಿಂಗ್ಸ್

ಉಬ್ಬಿದ ನಾಳಕ್ಕೂ ಬಾವಿಗೂ ಹೆಚ್ಚು ಆಸರೆ ಕೊಡುವುದು ಕಾಲಿಗೆ ಒತ್ತಡ ಕೊಡುವ ಕಂಪ್ರೆಷನ್ ಸ್ಟಾಕಿಂಗ್ಸ್. ಇದು ಕೆಳಗೆ ಬಿಗಿಯಾಗಿ, ಮೇಲೆ ಹೋದಂತೆ ಸಡಿಲವಾಗಿರುವುದರಿಂದ ರಕ್ತವನ್ನು ಮೇಲಕ್ಕೆ ತಳ್ಳಲು ನೆರವಾಗುತ್ತದೆ. ಹೊಸ ನಾಳಗಳು ಏಳದಂತೆ ಅದು ಪೂರ್ತಿ ತಡೆಯುತ್ತದೆಂದು ಹೇಳಲಾಗದು, ಆದರೆ ಕಾಲಿನ ಭಾರ ಮತ್ತು ಸಂಜೆಯ ಸೆಳೆತವನ್ನು ಕಡಿಮೆ ಮಾಡುತ್ತದೆ. ಎಷ್ಟು ಒತ್ತಡದ್ದು ಬೇಕೆಂಬುದನ್ನು ವೈದ್ಯರಿಂದಲೇ ಬರೆಸಿಕೊಳ್ಳಬೇಕು. ಅಂಗಡಿಗೆ ಅಳತೆ ಕೊಡುವಾಗ, ಬಾವು ಇಳಿದಿರುವ ಬೆಳಗಿನ ಹೊತ್ತು ಕಾಲಿನ ಹರಡಿನ ತೀರ ಸಣ್ಣ ಭಾಗ, ಮೀನಖಂಡದ ತೀರ ದಪ್ಪ ಭಾಗ ಮತ್ತು ನೆಲದಿಂದ ಮಂಡಿಯ ಮಡಿಕೆಯವರೆಗಿನ ಉದ್ದ, ಈ ಮೂರನ್ನೂ ಕೊಡಬೇಕು. ಸಂಜೆ ಅಳೆದು ತಂದದ್ದು ಬೆಳಿಗ್ಗೆ ಸಡಿಲವಾಗಿ ಕೆಲಸಕ್ಕೆ ಬಾರದು.

ತೊಡುವ ಹೊತ್ತು ಮುಖ್ಯ. ಪಾದ ನೆಲಕ್ಕೆ ಊರಿದ ಕೂಡಲೇ ರಕ್ತ ಇಳಿಯತೊಡಗುವುದರಿಂದ ಹಾಸಿಗೆಯ ಮೇಲೇ ಹಾಕಿಕೊಳ್ಳಬೇಕು. ಆಗಲೇ ಎದ್ದು ಓಡಾಡಿದ್ದರೆ, ಎಡ ಮಗ್ಗುಲಾಗಿ ಮಲಗಿ ಕಾಲನ್ನು ದಿಂಬುಗಳ ಮೇಲೆ 15-20 ನಿಮಿಷ ಎತ್ತಿಟ್ಟು ಆಮೇಲೆ ತೊಡಬಹುದು. ಮೊದಲು ಸ್ಟಾಕಿಂಗ್ಸಿನ ಒಳಮೈಯನ್ನು ಹಿಮ್ಮಡಿಯವರೆಗೆ ಹೊರಮಗುಚಿ, ಪಾದವನ್ನು ತೂರಿಸಿ, ಹಿಮ್ಮಡಿಯ ಭಾಗ ಹಿಮ್ಮಡಿಗೇ ಕೂರುವಂತೆ ನೋಡಿ, ಆಮೇಲೆ ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಸರಿಸಬೇಕು. ತುದಿ ಹಿಡಿದು ಒಂದೇ ಸಲ ಎಳೆದರೆ ಮಡಿಕೆ ಬೀಳುತ್ತದೆ. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡರೆ ಹಿಡಿತ ಚೆನ್ನಾಗಿ ಸಿಗುತ್ತದೆ. ಮೇಲಂಚು ಮಂಡಿಯ ಮಡಿಕೆಗಿಂತ ಎರಡು ಬೆರಳು ಕೆಳಗಿರಬೇಕು. ಉದ್ದವಾಯಿತೆಂದು ಅದನ್ನು ಮಡಚಿದರೆ ಆ ಮಡಿಕೆಯೇ ಹಗ್ಗ ಕಟ್ಟಿದಂತಾಗಿ ರಕ್ತವನ್ನು ತಡೆಯುತ್ತದೆ. ಏಳೆಂಟನೇ ತಿಂಗಳಲ್ಲಿ ಬಗ್ಗಿ ಇದನ್ನೆಲ್ಲ ಮಾಡುವುದು ಆಗದ ಮಾತು, ಆದ್ದರಿಂದ ಗಂಡನೋ ನಾದಿನಿಯೋ ಈ ಕೆಲಸವನ್ನು ಕಲಿತಿರಬೇಕು. ಬೆರಳು ನೀಲಿಗಟ್ಟಿದರೆ ಅಥವಾ ಜೋಮು ಹಿಡಿದರೆ ತಕ್ಷಣ ತೆಗೆಯಬೇಕು. ರಾತ್ರಿ ಮಲಗುವಾಗ ಹೇಗೂ ತೆಗೆಯುವುದೇ.

ಮಲೆನಾಡಿನವರಿಗೆ ಇಲ್ಲೊಂದು ಹೆಚ್ಚಿನ ತೊಡಕಿದೆ. ಜುಲೈ ಮಳೆಯಲ್ಲಿ ಒಗೆದದ್ದು ಒಣಗುವುದಿಲ್ಲ, ಬಚ್ಚಲ ಹಂಡೆಯ ಒಲೆಯ ಮೇಲೆ ಹರವಿದರೆ ಎಲಾಸ್ಟಿಕ್ ಸತ್ತುಹೋಗುತ್ತದೆ. ಎರಡು ಜೊತೆ ಇಟ್ಟುಕೊಂಡು, ಸಾಧಾರಣ ಸೋಪಿನಲ್ಲಿ ಕೈಯಿಂದ ಒಗೆದು, ಹಿಂಡದೆ ಟವೆಲಿನಲ್ಲಿ ಸುತ್ತಿ ನೀರು ಹೀರಿಸಿ ಗಾಳಿಯಾಡುವ ಕಡೆ ಹಾಕಬೇಕು. ಒದ್ದೆಯದನ್ನು ತೊಟ್ಟರೆ ಬೆರಳ ಸಂದಿಯಲ್ಲಿ ಕೆಸರುಹುಣ್ಣು ಬೇರೆ. ತೋಟದ ಉಂಬಳ ಉಬ್ಬಿದ ನಾಳದ ಮೇಲೆ ಕಚ್ಚಿದಾಗ ಅಥವಾ ತರಚಿದಾಗ ರಕ್ತ ನಿಲ್ಲದಿದ್ದರೆ, ಮಲಗಿ ಕಾಲನ್ನು ಮೇಲೆತ್ತಿ ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಆಗಲೂ ನಿಲ್ಲದಿದ್ದರೆ ಆಸ್ಪತ್ರೆ. ಕಾಲುಂಗುರ ಬಿಗಿಯಾಗುವ ಮೊದಲೇ ಸೋಪು ಹಚ್ಚಿ ತೆಗೆದಿಡಿ ಎಂದರೆ ಹಿರಿಯರು ಒಪ್ಪುವುದು ಕಷ್ಟ. ಆದರೆ ಬೆರಳು ಊದಿಕೊಂಡ ಮೇಲೆ ಅದನ್ನು ಕತ್ತರಿಸಿ ತೆಗೆಯಬೇಕಾದೀತು ಎಂದು ವಿವರಿಸಿದರೆ, ತೆಗೆದು ದೇವರ ಮುಂದಿಡಲು ಒಪ್ಪುತ್ತಾರೆ.

ತಿಂಡಿ, ಮಾತ್ರೆ ಮತ್ತು ಮೂಲವ್ಯಾಧಿ

ಮೂಲವ್ಯಾಧಿಗೆ ಮುಲಾಮಿಗಿಂತ ಮೊದಲಿನ ಮದ್ದು ಮೆತ್ತಗಿನ ಮಲ. ಸಿರೆ ಮೊದಲೇ ಹಿಗ್ಗಿದೆ, ಮುಕ್ಕಿದಾಗ ಅದು ಇನ್ನಷ್ಟು ಜಾರಿ ಹೊರಬರುತ್ತದೆ. ಬಸಿರಿನಲ್ಲಿ ಕರುಳಿನ ಚಲನೆಯೇ ನಿಧಾನ, ಅದರ ಮೇಲೆ ಐರನ್ ಮಾತ್ರೆ ಮಲವನ್ನು ಗಟ್ಟಿ ಮಾಡುತ್ತದೆ. ಆದರೂ ಮಾತ್ರೆ ನಿಲ್ಲಿಸುವುದು ತಪ್ಪು ದಾರಿ, ಏಕೆಂದರೆ ಮೂಲವ್ಯಾಧಿಯಿಂದ ರಕ್ತ ಹೋಗುತ್ತಿರುವವಳಿಗೇ ಅದು ಹೆಚ್ಚು ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಮಾತ್ರೆಯಲ್ಲಿ 60 ಮಿ.ಗ್ರಾಂ. ಕಬ್ಬಿಣಾಂಶವಿರುತ್ತದೆ, ಸಾಮಾನ್ಯವಾಗಿ ದಿನಕ್ಕೊಂದು. ಕಾಫಿ ಬೆಳೆಯುವ ನಾಡಿನಲ್ಲಿ ಅದನ್ನು ಬೆಳಗಿನ ಕಾಫಿಯೊಡನೆ ನುಂಗುವವರೇ ಹೆಚ್ಚು. ಕಾಫಿ ಮತ್ತು ಟೀ ಕಬ್ಬಿಣಾಂಶವನ್ನು ದೇಹ ಹೀರದಂತೆ ತಡೆಯುತ್ತವೆ. ಮಾತ್ರೆ ನುಂಗಿ ಮಲ ಗಟ್ಟಿಯಾದದ್ದಷ್ಟೇ ಉಳಿಯುತ್ತದೆ, ಲಾಭವಿಲ್ಲ. ಮಾತ್ರೆಗೂ ಕಾಫಿಗೂ ಕನಿಷ್ಠ ಒಂದು ಗಂಟೆ, ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆ ಅಂತರವಿರಲಿ. ನಿಂಬೆಹಣ್ಣಿನ ಪಾನಕದೊಡನೆ ತೆಗೆದುಕೊಂಡರೆ ಹೀರಿಕೆ ಹೆಚ್ಚುತ್ತದೆ. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಮಾತ್ರೆ ನಿಜವಾಗಿಯೂ ಒಗ್ಗದಿದ್ದರೆ ವೈದ್ಯರು ಬೇರೆ ಬಗೆಯದನ್ನು ಬರೆದುಕೊಡುತ್ತಾರೆ.

ಊಟದಲ್ಲಿ ಅಕ್ಕಿರೊಟ್ಟಿ, ಅನ್ನ, ಕಡುಬು ಇವುಗಳದ್ದೇ ಪಾರುಪತ್ಯವಾಗಿದ್ದರೆ ನಾರು ಸಾಲದು. ಒಂದು ಹೊತ್ತಿಗೆ ರಾಗಿಮುದ್ದೆ, ಅದರೊಡನೆ ಸೊಪ್ಪಿನ ಬಸ್ಸಾರು ಮತ್ತು ಬಸಿದ ಸೊಪ್ಪುಕಾಳಿನ ಪಲ್ಯ, ಸಂಜೆ ಒಂದು ಸೀಬೆ ಅಥವಾ ಬಾಳೆಹಣ್ಣು, ಇಷ್ಟು ಬದಲಾವಣೆ ಸಾಕು, ಅದನ್ನೂ ಒಂದು ವಾರದಲ್ಲಿ ಮೆಲ್ಲನೆ ಮಾಡಬೇಕು, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ದಿನಕ್ಕೆ ಎಂಟು ಹತ್ತು ಲೋಟ ನೀರು ಬೇಕೇ ಬೇಕು. ನೀರು ಕುಡಿಯುವುದರಿಂದ ಕಾಲು ಊದುವುದಿಲ್ಲ. ನೀರು ಕಡಿಮೆ ಮಾಡಿದರೆ ಬಾವು ಇಳಿಯದೆ ಮಲ ಮಾತ್ರ ಒಣಗುತ್ತದೆ. ಉಪ್ಪನ್ನು ಪೂರ್ತಿ ಬಿಡುವ ಅಗತ್ಯವೂ ಇಲ್ಲ, ಉಪ್ಪಿನಕಾಯಿ ಹಪ್ಪಳ ಮಿತವಾದರೆ ಆಯಿತು. ಇಷ್ಟರಿಂದಲೂ ಸರಿಹೋಗದಿದ್ದರೆ ವೈದ್ಯರನ್ನು ಕೇಳಿ ಇಸಬ್‌ಗೋಲನ್ನು ರಾತ್ರಿ ಒಂದೆರಡು ಟೀ ಚಮಚ, ತುಂಬಿದ ಲೋಟ ನೀರಿನಲ್ಲಿ ಕಲಸಿದ ಕೂಡಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬಹುದು. ಹೊಟ್ಟೆ ತೊಳೆಯಲೆಂದು ಹರಳೆಣ್ಣೆ ಕೊಡುವುದು ಹಳೆಯ ರೂಢಿ. ಬಸಿರಿನಲ್ಲಿ ಅದು ಬೇಡ, ಗರ್ಭಕೋಶ ಹಿಂಡಲು ತೊಡಗಬಹುದು.

ಶೌಚಕ್ಕೆ ಕರೆ ಬಂದಾಗ ತಡೆಯಬಾರದು. ತಿಂಡಿಯಾದ ಅರ್ಧ ಗಂಟೆಯೊಳಗೆ ಕರುಳು ತಾನಾಗಿ ಚಲಿಸುವುದರಿಂದ ಆ ಹೊತ್ತನ್ನು ಬಿಡುವಾಗಿಟ್ಟುಕೊಳ್ಳುವುದು ಒಳ್ಳೆಯದು. ಕಮೋಡಿನಲ್ಲಿ ಪಾದದ ಕೆಳಗೆ ಒಂದು ಗಿಡ್ಡ ಮಣೆ ಇಟ್ಟು ಮಂಡಿ ಸೊಂಟಕ್ಕಿಂತ ಮೇಲೆ ಬರುವಂತೆ ಕೂರಬೇಕು, ಉಸಿರು ಬಿಗಿಹಿಡಿದು ಮುಕ್ಕಬಾರದು, ಐದು ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದು ಬರಬೇಕು. ಮೊಬೈಲ್ ಹೊರಗಿರಲಿ.

ಉರಿ, ನೋವು ಇದ್ದರೆ ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಮಣಿಕಟ್ಟಿನಿಂದ ಬಿಸಿ ನೋಡಿ, 10-15 ನಿಮಿಷ ಕೂರಬೇಕು. ದಿನಕ್ಕೆ ಎರಡು ಮೂರು ಬಾರಿ, ಅದರಲ್ಲೊಮ್ಮೆ ಮಲವಿಸರ್ಜನೆಯ ನಂತರ. ನೆಲದ ಮೇಲಿಟ್ಟ ಟಬ್ಬಿನಿಂದ ಏಳುವುದು ಕಷ್ಟವಾದ್ದರಿಂದ ಗಟ್ಟಿಯಾದ ಸ್ಟೂಲಿನ ಮೇಲಿಡುವುದು ಅಥವಾ ಹಿಡಿಯಲು ಯಾರಾದರೂ ಹತ್ತಿರವಿರುವುದು ಅಗತ್ಯ. ಆಮೇಲೆ ಉಜ್ಜದೆ ಒತ್ತಿ ಒರೆಸಬೇಕು. ಗಡ್ಡೆ ತುರಿಸಿ ಉರಿಯುವಾಗ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಸ್ವಲ್ಪ ಹೊತ್ತು ಇಟ್ಟರೆ ಆರಾಮ ಸಿಗುತ್ತದೆ. ಔಷಧದಂಗಡಿಯ ಕೆಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುವುದರಿಂದ ಕೇಳದೆ ಹಚ್ಚಬಾರದು. ಇದ್ದಕ್ಕಿದ್ದಂತೆ ನೀಲಿಯಾದ ಗಟ್ಟಿ ಗಡ್ಡೆ ಎದ್ದು ಕೂರಲಾಗದಷ್ಟು ನೋಯುತ್ತಿದ್ದರೆ, ಅದರೊಳಗೆ ರಕ್ತ ಹೆಪ್ಪುಗಟ್ಟಿರುತ್ತದೆ. ಒಂದೆರಡು ದಿನದೊಳಗೆ ತೋರಿಸಿದರೆ ವೈದ್ಯರು ಮಾಡಬಹುದಾದದ್ದು ಹೆಚ್ಚು.

ರಕ್ತ ಎಲ್ಲಿಂದ ಬಂತೆಂಬ ಗೊಂದಲ ಬಹಳ ಮಂದಿಗಿದೆ. ಬೇರೆ ಬೇರೆ ಬಿಳಿ ಬಟ್ಟೆಯಿಂದ ಮುಂದೊಮ್ಮೆ, ಹಿಂದೊಮ್ಮೆ ಒರೆಸಿ ನೋಡಬಹುದು. ಮುಂದಿನ ಬಟ್ಟೆಯಲ್ಲಿ ಕಲೆ ಕಂಡರೆ ಅಥವಾ ಸಂಶಯ ಉಳಿದರೆ ಮೂಲವ್ಯಾಧಿ ಎಂದುಕೊಂಡು ಮನೆಯಲ್ಲಿ ಕೂರಬಾರದು, ಆಸ್ಪತ್ರೆಗೆ ಹೋಗಬೇಕು.

ಹಗಲಿನ ಕೆಲಸ ಮತ್ತು ತೊಡೆಸಂದಿನ ಸೆಳೆತ

ಕಚೇರಿಯಲ್ಲಿ ಕಾಲಿನ ಕೆಳಗೆ ಒಂದು ಗಿಡ್ಡ ಸ್ಟೂಲ್, ಅರ್ಧ ಮುಕ್ಕಾಲು ಗಂಟೆಗೊಮ್ಮೆ ಎದ್ದು ಎರಡು ನಿಮಿಷ ನಡಿಗೆ, ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಇಪ್ಪತ್ತು ಮೂವತ್ತು ಸಲ ಆಡಿಸುವುದು, ಇಷ್ಟೇ. ಮೀನಖಂಡದ ಸ್ನಾಯು ಹಿಂಡಿದಾಗಲೆಲ್ಲ ರಕ್ತವನ್ನು ಮೇಲಕ್ಕೆತ್ತುತ್ತದೆ. ಕಾಲಮೇಲೆ ಕಾಲು ಹಾಕಿ ಕೂರುವುದು, ಸೀಮಂತದ ದಿನ ಎರಡು ಮೂರು ಗಂಟೆ ಒಂದೇ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂರಿಸುವುದು, ಎರಡೂ ಒಂದೇ ತಪ್ಪು.

ಈಗ ಸೆಳೆತ. ಗರ್ಭಕೋಶದ ಮೇಲ್ಭಾಗದ ಎರಡು ಬದಿಗಳಿಂದ ಹೊರಟು ತೊಡೆಸಂದಿನ ಮೂಲಕ ಯೋನಿಯ ಹೊರತುಟಿಯವರೆಗೆ ಇಳಿಯುವ ಹುರಿಯಂಥ ಎರಡು ಕಟ್ಟುಗಳಿವೆ, ಅವೇ ರೌಂಡ್ ಲಿಗಮೆಂಟ್. ಗರ್ಭಕೋಶ ಬೆಳೆದಂತೆ ಇವು ಹಿಗ್ಗುತ್ತವೆ. ಮೆಲ್ಲನೆ ಅಲುಗಾಡಿದರೆ ಸಹಿಸುತ್ತವೆ, ಧಿಗ್ಗನೆ ಎದ್ದರೆ, ಸೀನಿದರೆ, ಮಗ್ಗುಲು ಬದಲಿಸಿದರೆ ಜಗ್ಗಿ ಚುಚ್ಚುತ್ತವೆ. ಸೆಳೆತ ಬಲಕ್ಕೆ ಹೆಚ್ಚು, ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದಲ್ಲಿ ಬಿಡುತ್ತದೆ. ನಾಲ್ಕೈದನೇ ತಿಂಗಳಲ್ಲೇ ಶುರುವಾಗಿ ಕೊನೆಯವರೆಗೂ ಇರಬಹುದು.

ಏಳುವಾಗ ಕುರ್ಚಿಯ ಅಂಚಿಗೆ ಸರಿದು, ಎರಡೂ ಕೈ ಊರಿ, ಉಸಿರು ಬಿಡುತ್ತ ನೇರವಾಗಿ ಏಳಬೇಕು, ಸೊಂಟ ತಿರುಗಿಸಿಕೊಂಡು ಏಳಬಾರದು. ಸೀನು ಅಥವಾ ಕೆಮ್ಮು ಬರುವಾಗ ಮುಂದಕ್ಕೆ ಬಾಗಿ ತೊಡೆಯನ್ನು ಹೊಟ್ಟೆಯತ್ತ ತಂದು ಕೈಯಿಂದ ಕೆಳಹೊಟ್ಟೆಗೆ ಆಸರೆ ಕೊಟ್ಟರೆ ಹುರಿ ಸಡಿಲವಾಗಿಯೇ ಇರುತ್ತದೆ. ಹಾಸಿಗೆಯಲ್ಲಿ ಹೊರಳುವಾಗ ಎರಡೂ ಮಂಡಿ ಮಡಚಿ ಒಟ್ಟಿಗೆ ಹಿಡಿದು, ಹೆಗಲು ಮತ್ತು ಸೊಂಟವನ್ನು ಒಂದೇ ಸಲ ಹೊರಳಿಸಬೇಕು. ಸೆಳೆತ ಹಿಡಿದ ಕೂಡಲೇ ಅದೇ ಮಗ್ಗುಲಿಗೆ ಬಾಗಿ ನಿಂತರೆ ಬೇಗ ಬಿಡುತ್ತದೆ. ತೋಟದ ಇಳಿಜಾರಿನಲ್ಲಿ ಓಡಾಡುವವರಿಗೆ ಹೊಟ್ಟೆಯ ಕೆಳಗೆ, ಸೊಂಟದ ಮೂಳೆಗಳ ಮೇಲೆ ಕೂರುವ ಆಸರೆ ಪಟ್ಟಿ ನೆರವಾಗುತ್ತದೆ. ಹೊಟ್ಟೆಯ ನಡುವೆ ಬಿಗಿದರೆ ಪ್ರಯೋಜನವಿಲ್ಲ.

ನೋವು ಅಲುಗಾಟಕ್ಕೆ ಸಂಬಂಧವಿಲ್ಲದೆ ಬಂದು ಬಂದು ಹೋಗುತ್ತಿದ್ದರೆ, ಆಗ ಹೊಟ್ಟೆಯ ಮೇಲೆ ಕೈಯಿಟ್ಟು ಗಡಿಯಾರ ನೋಡಬೇಕು. ಹೊಟ್ಟೆ ಕಲ್ಲಿನಂತಾಗಿ ಮತ್ತೆ ಸಡಿಲವಾಗುವುದು ಕ್ರಮವಾಗಿ ಮರುಕಳಿಸುತ್ತಿದ್ದರೆ, ಅದು 37 ವಾರದ ಒಳಗಾದರೆ, ಅವಧಿಗೆ ಮುಂಚಿನ ಹೆರಿಗೆ ನೋವಿರಬಹುದು. ರಕ್ತ, ನೀರು ಹೋಗುವುದು, ಜ್ವರ, ಉರಿಮೂತ್ರ, ವಾಂತಿಯೊಂದಿಗೆ ಬಿಡದ ಬಲಬದಿಯ ನೋವು, ಮಗುವಿನ ಚಲನೆ ಕಡಿಮೆಯಾಗುವುದು, ಇವು ಯಾವುವೂ ಲಿಗಮೆಂಟಿನ ಲಕ್ಷಣಗಳಲ್ಲ.

ಮಧ್ಯಾಹ್ನ, ರಾತ್ರಿ ಮತ್ತು ಆಮೇಲೆ

ಮಧ್ಯಾಹ್ನ ಅರ್ಧ ಗಂಟೆ, ರಾತ್ರಿ ಪೂರ್ತಿ ಎಡ ಮಗ್ಗುಲಿಗೆ ಮಲಗಿದರೆ ಬಲಗಡೆಯ ಮಹಾಸಿರೆಯ ಮೇಲಿನ ಭಾರ ಇಳಿಯುತ್ತದೆ. ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಮಡಚಿದ ಸೀರೆ, ಪಾದದ ಕೆಳಗೆ ಇನ್ನೊಂದು ದಿಂಬು. ನಡುರಾತ್ರಿ ಎಚ್ಚರವಾದಾಗ ಅಂಗಾತ ಮಲಗಿದ್ದರೆ ಮಗ್ಗುಲು ಬದಲಿಸಿದರಾಯಿತು.

ಹೀಗೆ ಹತ್ತು ದಿನ ನಡೆಸಿದ ಮೇಲೆ ಆ ಹೆಣ್ಣುಮಗಳ ಸಂಜೆಯ ಬಾವು ಅರ್ಧಕ್ಕಿಳಿದಿತ್ತು, ರಕ್ತ ನಿಂತಿತ್ತು. ನಾಳಗಳು ಇದ್ದಂತೆಯೇ ಇದ್ದವು, ಭಾರ ಮಾತ್ರ ಕಡಿಮೆ. 35ನೇ ವಾರದಲ್ಲಿ ಒಂದು ಬೆಳಿಗ್ಗೆ ಅವಳೇ ಫೋನ್ ಮಾಡಿ, ‘ಅಕ್ಕ, ಇವತ್ತು ಕಾಲಲ್ಲ, ಕಣ್ಣು ಊದಿದೆ, ಉಂಗುರ ಬರ್ತಿಲ್ಲ’ ಎಂದಳು. ಬಿ.ಪಿ. 148/96, ಮೂತ್ರದಲ್ಲಿ ಪ್ರೋಟೀನ್. ಅದೇ ದಿನ ಹಾಸನಕ್ಕೆ ಕಳಿಸಿ ದಾಖಲು ಮಾಡಿಸಿದರು, 37 ವಾರ ತುಂಬಿದಾಗ ನೋವು ಬರಿಸಿ ಹೆರಿಗೆ ಮಾಡಿಸಿದರು. ಆ ಕಣ್ಣಿನ ಬಾವನ್ನು ಅವಳು ಕಾಲಿನ ಬಾವಿನ ಜೊತೆಗೆ ಸೇರಿಸಿ ಸುಮ್ಮನಿರಲಿಲ್ಲ.

ಹೆರಿಗೆಯಾದ ಮೊದಲ ಕೆಲವು ದಿನ ಕಾಲುಬಾವು ಹೆಚ್ಚಾಗಿ ಕಾಣಬಹುದು, ಒಂದೆರಡು ವಾರದಲ್ಲಿ ಇಳಿಯುತ್ತದೆ. ಬಿ.ಪಿ. ಏರುವುದೂ, ರಕ್ತ ಹೆಪ್ಪುಗಟ್ಟುವುದೂ ಆರು ವಾರದವರೆಗೆ ಆಗಬಹುದಾದ್ದರಿಂದ ಮೇಲೆ ಹೇಳಿದ ಅಪಾಯದ ಗುರುತುಗಳು ಆಗಲೂ ಅನ್ವಯಿಸುತ್ತವೆ. ಉಬ್ಬಿದ ನಾಳಗಳು ಮೂರು ನಾಲ್ಕು ತಿಂಗಳಲ್ಲಿ ಸಾಕಷ್ಟು ತಗ್ಗುತ್ತವೆ, ಉಳಿದರೆ ಶಸ್ತ್ರಚಿಕಿತ್ಸೆಯ ಯೋಚನೆಯನ್ನು ಅದಕ್ಕಿಂತ ಮೊದಲು ಮಾಡುವುದಿಲ್ಲ. ಮೂಲವ್ಯಾಧಿ ಮಾತ್ರ ಬಾಣಂತನದಲ್ಲಿ ಮತ್ತೆ ಕೆರಳುವುದುಂಟು, ಏಕೆಂದರೆ ನಮ್ಮ ಮನೆಗಳಲ್ಲಿ ಬಾಣಂತಿಗೆ ಸೊಪ್ಪು, ಕಾಳು, ಹಣ್ಣು ಕೊಡದೆ ನೀರನ್ನೂ ಅಳೆದು ಕೊಡುತ್ತಾರೆ. ಮೆಣಸಿನ ಸಾರು ಅನ್ನದ ಪಥ್ಯ ಬಿಡಲಾಗದಿದ್ದರೆ, ಅದರ ಪಕ್ಕದಲ್ಲಿ ಬೇಯಿಸಿದ ಸೊಪ್ಪಿನ ಒಂದು ಬಟ್ಟಲು ಮತ್ತು ಹಾಲೂಡಿಸಲು ಕೂತಾಗಲೆಲ್ಲ ಒಂದು ಲೋಟ ಬಿಸಿನೀರು ಇರಲೇಬೇಕೆಂದು ಮನೆಯ ಹಿರಿಯರೊಡನೆ ಹೆರಿಗೆಗೆ ಮುಂಚೆಯೇ ಮಾತನಾಡಿಟ್ಟುಕೊಳ್ಳಬೇಕು.